ಶೇ 97 ಪೂರ್ತಿ ನೋಡಿದರು, 3,600 ಮನೆಯವರು ಸೈಟಿಗೆ ಬಂದರು: ಈ ರಿಪೋರ್ಟನ್ನು ಓದುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿಯಲ್ಲಿ ಇಳಕಲ್ ಸೀರೆ ವ್ಯಾಪಾರ. ವೆಬ್‌ಸೈಟಿನಲ್ಲೂ ಮಾರುತ್ತೇವೆ. ದಸರೆಗೆ ಮುಂಚೆ ಮೂರು ವಾರ ಸ್ಮಾರ್ಟ್ ಟಿವಿಯ ಓಟಿಟಿ ಆ್ಯಪ್‌ಗಳಲ್ಲಿ 20 ಸೆಕೆಂಡಿನ ಜಾಹೀರಾತು ಹಾಕಿಸಿದೆವು, 2.4 ಲಕ್ಷ ರೂಪಾಯಿ ಖರ್ಚಾಯಿತು. ಏಜೆನ್ಸಿಯವರ ರಿಪೋರ್ಟ್ ಪ್ರಕಾರ 6 ಲಕ್ಷ ಇಂಪ್ರೆಶನ್, 1.2 ಲಕ್ಷ ಮನೆ, ಕಂಪ್ಲೀಷನ್ ರೇಟ್ ಶೇ 97, ಜಾಹೀರಾತು ನೋಡಿ 7 ದಿನದೊಳಗೆ ಸೈಟಿಗೆ ಬಂದ ಮನೆಗಳು 3,600. ಆದರೆ ಆರ್ಡರ್ ಅಷ್ಟೇನೂ ಏರಿದ್ದು ನಮಗೆ ಕಾಣಲಿಲ್ಲ. ಯಾವುದನ್ನು ನಂಬಲಿ?

ಉತ್ತರ: ಏಜೆನ್ಸಿಯವರು ಸುಳ್ಳು ಹೇಳಿದ್ದಾರೆ ಅಂತ ನಾನು ಅಂದುಕೊಳ್ಳುವುದಿಲ್ಲ. ಶೇ 97, 3,600 ಈ ಎರಡೂ ಅಂಕಿ ಸರ್ವರಿನ ದಾಖಲೆಯಾದ ಲಾಗ್‌ನಿಂದಲೇ ಬಂದಿರುತ್ತವೆ. ತೊಂದರೆ ಇರುವುದು ಬೇರೆ ಕಡೆ. ಶೇ 97 ಎನ್ನುವುದು ನೀವು ಕೊಂಡ ಜಾಗದ ಗುಣ, ನಿಮ್ಮ ಜಾಹೀರಾತಿನದ್ದಲ್ಲ. 3,600ರಲ್ಲಿ ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದವರು ಎಷ್ಟು ಎಂದು ಯಾರೂ ಕಳೆದಿಲ್ಲ. ಆ ಕಳೆಯುವ ಲೆಕ್ಕವೇ ಮುಖ್ಯ, ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಮೊದಲು ಶೇ 97ರ ವಿಷಯ ಮುಗಿಸೋಣ.

ವಿಡಿಯೋ ಜಾಹೀರಾತು ಓಡುವಾಗ ಐದು ಕಡೆ ಒಂದೊಂದು ಸಣ್ಣ ಸಂದೇಶ ಸರ್ವರ್‌ಗೆ ಹೋಗುತ್ತದೆ: ಶುರುವಾದಾಗ, ಕಾಲು ಭಾಗ, ಅರ್ಧ, ಮುಕ್ಕಾಲು, ಕೊನೆ. ಐಎಬಿ ಟೆಕ್ ಲ್ಯಾಬ್ ಎಂಬ ಉದ್ಯಮ ಸಂಸ್ಥೆ ನೋಡಿಕೊಳ್ಳುವ VAST ಎಂಬ ಮಾನದಂಡದಲ್ಲಿ ಇವುಗಳ ಹೆಸರು `start`, `firstQuartile`, `midpoint`, `thirdQuartile`, `complete`. `complete` ಸಂಖ್ಯೆಯನ್ನು `start` ಸಂಖ್ಯೆಯಿಂದ ಭಾಗಿಸಿದರೆ ಕಂಪ್ಲೀಷನ್ ರೇಟ್. ಕೆಲವರು `start` ಬದಲು ಇಂಪ್ರೆಶನ್‌ನಿಂದ ಭಾಗಿಸುತ್ತಾರೆ. ಆಗ ರೇಟ್ ಸ್ವಲ್ಪ ಇಳಿಯಬಹುದು. ಹಾಗಾಗಿ ಎರಡು ಕಂಪನಿಗಳ ರೇಟ್ ಪಕ್ಕಪಕ್ಕ ಇಟ್ಟು ನೋಡುವ ಮೊದಲು ಯಾವುದರಿಂದ ಭಾಗಿಸಿದ್ದೀರಿ ಎಂದು ಕೇಳಬೇಕು.

ಫೋನಿನಲ್ಲಿ ಹಲವು ಜಾಹೀರಾತಿಗೆ ಐದು ಸೆಕೆಂಡ್ ಆದಮೇಲೆ ಸ್ಕಿಪ್ ಒತ್ತಬಹುದು, ಆದ್ದರಿಂದ ಅಲ್ಲಿ ಪೂರ್ತಿ ಓಡಿತು ಎಂದರೆ ಅದಕ್ಕೊಂದು ಅರ್ಥವಿದೆ. ಟಿವಿ ಆ್ಯಪ್‌ಗಳಲ್ಲಿ ಬಹುಪಾಲು ಜಾಹೀರಾತಿಗೆ ಸ್ಕಿಪ್ಪೇ ಇಲ್ಲ. ನೋಡುವವರು ಕಾರ್ಯಕ್ರಮವನ್ನೇ ಬಿಟ್ಟು ಹೊರಗೆ ಹೋಗಬೇಕು, ಇಲ್ಲವೇ 20 ಸೆಕೆಂಡ್ ಕಾಯಬೇಕು. ಕಾಯುತ್ತಾರೆ, ಅಥವಾ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಎರಡಕ್ಕೂ `complete` ಒಂದೇ. ಚೆನ್ನಾಗಿರುವ ಜಾಹೀರಾತಿಗೂ ಕೆಟ್ಟದ್ದಕ್ಕೂ ಇಲ್ಲಿ ಶೇ 95ರ ಮೇಲೆಯೇ ಬರುವುದು ಮಾಮೂಲು. ಲೈವ್ ಕ್ರಿಕೆಟ್‌ನಲ್ಲಿ ರೇಟ್ ಕಡಿಮೆ ಕಂಡರೆ ಹಲವು ಸಲ ಕಾರಣ ಪ್ರೇಕ್ಷಕರಲ್ಲ: ಓವರ್ ಶುರುವಾಗಿ ಪ್ರಸಾರ ಮೈದಾನಕ್ಕೆ ಮರಳುವಾಗ ಜಾಹೀರಾತು ನಡುವೆ ತುಂಡಾಗಿರುತ್ತದೆ.

ಆದರೂ ಈ ಸಂದೇಶಗಳನ್ನು ಒಮ್ಮೆ ಬಿಚ್ಚಿ ನೋಡಿಸಿ. ರೇಟ್‌ಗಿಂತ ಅವುಗಳ ಸಮಯ ಹೆಚ್ಚು ಹೇಳುತ್ತದೆ. ದೊಡ್ಡ ಆ್ಯಪ್‌ಗಳಲ್ಲಿ ಜಾಹೀರಾತನ್ನು ಸರ್ವರ್‌ನಲ್ಲಿಯೇ ಕಾರ್ಯಕ್ರಮದ ಜೊತೆ ಹೊಲಿದು ಒಂದೇ ಧಾರೆಯಾಗಿ ಕಳಿಸುವುದು ಸಾಮಾನ್ಯ. ಧಾರೆ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ, ಒಂದೊಂದು ಸುಮಾರು 6 ಸೆಕೆಂಡಿನದು ಅಂದುಕೊಳ್ಳಿ. ಟಿವಿ ಮುಂದಿನ ಕೆಲವು ತುಂಡುಗಳನ್ನು ಮೊದಲೇ ಎಳೆದು ಇಟ್ಟುಕೊಳ್ಳುತ್ತದೆ. ಎಣಿಕೆಯ ಸಂದೇಶವನ್ನು ಟಿವಿಯ ಬದಲು ಸರ್ವರೇ ಕಳಿಸುತ್ತಿದ್ದರೆ, ಅದು ಎಣಿಸುವುದು ತುಂಡು ಕೊಟ್ಟಿದ್ದನ್ನು. ಪರದೆಯ ಮೇಲೆ ಬಂತೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. 20 ಸೆಕೆಂಡಿನ ಜಾಹೀರಾತಿನಲ್ಲಿ ಸಂದೇಶಗಳು ಐದೈದು ಸೆಕೆಂಡಿಗೆ ಬರಬೇಕು. ಲಾಗ್‌ನಲ್ಲಿ ಹೀಗೆ ಕಂಡರೆ ಅದು ನೋಡಿದ ಲೆಕ್ಕವಲ್ಲ:

```
20:14:03  start
20:14:03  firstQuartile
20:14:03  midpoint
20:14:04  thirdQuartile
20:14:04  complete
```

ಇಂಥ ಕಡೆ ಇನ್ನೊಂದು ತೊಡಕೂ ಇದೆ. ಸಂದೇಶ ಸರ್ವರ್‌ನಿಂದ ಹೊರಟರೆ ಅದರ ಇಂಟರ್ನೆಟ್ ವಿಳಾಸವೂ, ಅಂದರೆ ಐಪಿಯೂ, ಸರ್ವರಿನದೇ. ಮನೆಯ ವಿಳಾಸವನ್ನು `X-Device-IP` ಎಂಬ ಸಾಲಿನಲ್ಲಿ ಪ್ರತ್ಯೇಕವಾಗಿ ಬರೆದು ಕಳಿಸಬೇಕು, ಅಂದರೆ ಅವರು ಬರೆದದ್ದನ್ನು ನಾವು ನಂಬಬೇಕು. 2020ರಲ್ಲಿ ವೈಟ್ ಆಪ್ಸ್ ಎಂಬ ಕಂಪನಿ ಬಯಲಿಗೆಳೆದ ‘ಐಸ್‌ಬಕೆಟ್’ ಮೋಸ ನಡೆದದ್ದು ಇದೇ ಸಂದಿಯಲ್ಲಿ: ಇಲ್ಲದ ಟಿವಿಗಳನ್ನು, ಇಲ್ಲದ ಪ್ರೇಕ್ಷಕರನ್ನು ಸರ್ವರುಗಳೇ ಸೃಷ್ಟಿಸಿ ಜಾಹೀರಾತು ಬೇಡುತ್ತಿದ್ದವು. ಸುಳ್ಳು ಟಿವಿ ಚಹಾ ಕುಡಿಯಲು ಎದ್ದು ಹೋಗುವುದಿಲ್ಲ, ಆದ್ದರಿಂದ ಅದರ ಕಂಪ್ಲೀಷನ್ ರೇಟ್ ಬಹಳ ಚೆನ್ನಾಗಿರುತ್ತದೆ!

ಮೋಸವೇ ಇಲ್ಲದೆಯೂ ಖಾಲಿ ಕೋಣೆಗೆ ಜಾಹೀರಾತು ಓಡಬಹುದು. ಟಿವಿ ರಿಮೋಟಿನಿಂದ ಟಿವಿ ಆಫ್ ಮಾಡಿ ಸೆಟ್‌ಟಾಪ್ ಬಾಕ್ಸನ್ನೋ ಸ್ಟಿಕ್ಕನ್ನೋ ಹಾಗೇ ಬಿಡುವುದು ನಮ್ಮ ಮನೆಗಳ ವಾಡಿಕೆ. ಎಚ್‌ಡಿಎಂಐ ತಂತಿಯ ಆಚೆ ಪರದೆ ಕಪ್ಪಾಗಿದೆ ಎಂದು ಕೆಲವು ಸಾಧನಗಳಿಗೆ ತಿಳಿಯುವುದಿಲ್ಲ, ಧಾರಾವಾಹಿ ಕಂತಿನ ಮೇಲೆ ಕಂತು ಓಡುತ್ತಲೇ ಇರುತ್ತದೆ. 2022ರಲ್ಲಿ ಗ್ರೂಪ್‌ಎಂ ಮತ್ತು ಐಸ್ಪಾಟ್ ಕಂಪನಿಗಳು ಅಮೆರಿಕದಲ್ಲಿ ನೋಡಿದಾಗ, ಹೀಗೆ ಹೊರಗಿನ ಸಾಧನ ಸಿಕ್ಕಿಸಿದ ಟಿವಿಗಳಲ್ಲಿ ಓಡಿದ ಜಾಹೀರಾತುಗಳಲ್ಲಿ ಶೇ 17ರಷ್ಟು ಟಿವಿ ಆಫ್ ಇದ್ದಾಗ ಓಡಿದ್ದವು. ಟಿವಿಯೊಳಗೇ ಇರುವ ಆ್ಯಪ್‌ಗೆ ಈ ರೋಗ ಕಡಿಮೆ. ನಿಮ್ಮ ಲಾಗನ್ನು ಗಂಟೆವಾರು ವಿಂಗಡಿಸಿ, ರಾತ್ರಿ 1ರಿಂದ 5ರವರೆಗೆ ಎಷ್ಟು ಇಂಪ್ರೆಶನ್ ಇದೆ, ಒಂದೇ ಸಾಧನದಲ್ಲಿ ನಿಲ್ಲದೆ ಆರೇಳು ಗಂಟೆ ಓಡಿದ್ದು ಎಷ್ಟು ಎಂದು ನೋಡಿದರೆ ಅಂದಾಜು ಸಿಗುತ್ತದೆ.

ಈಗ ಆ 3,600.

ಟಿವಿಯಲ್ಲಿ ಜಾಹೀರಾತಿನ ಮೇಲೆ ಯಾರೂ ಕ್ಲಿಕ್ ಮಾಡುವುದಿಲ್ಲ. ಟಿವಿಗೆ ತನ್ನದೇ ಜಾಹೀರಾತು ಐಡಿ ಇರುತ್ತದೆ, ಸೀರೆ ನೋಡಲು ಬಂದ ಫೋನಿನಲ್ಲಿ ಆ ಐಡಿ ಇರುವುದಿಲ್ಲ. ಇವೆರಡಕ್ಕೂ ಸೇತುವೆ ಬೇಕು. ಎರಡೂ ಕಡೆ ಒಂದೇ ಲಾಗಿನ್ ಇದ್ದರೆ ಸುಲಭ, ನಿಮ್ಮಂಥ ಅಂಗಡಿಗೆ ಅದು ಸಿಗುವುದು ಅಪರೂಪ. ಹಾಗಾಗಿ ಉಳಿಯುವುದು ಮನೆಯ ಇಂಟರ್ನೆಟ್ ವಿಳಾಸ, ಐಪಿ. ಜಾಹೀರಾತು ಓಡಿದಾಗ ಟಿವಿಯ ಐಪಿ ಮತ್ತು ಸಮಯ ಒಂದು ಪಟ್ಟಿಗೆ ಹೋಗುತ್ತದೆ. ನಿಮ್ಮ ಸೈಟಿನಲ್ಲಿ ಏಜೆನ್ಸಿಯವರು ಹಾಕಿಸಿರುವ ಪಿಕ್ಸೆಲ್ ಎಂಬ ಸಣ್ಣ ಕೋಡ್ ತುಣುಕು, ಬಂದವರ ಐಪಿ ಮತ್ತು ಸಮಯವನ್ನು ಇನ್ನೊಂದು ಪಟ್ಟಿಗೆ ಬರೆಯುತ್ತದೆ. ಐಪಿ ಒಂದೇ, ಭೇಟಿ ಜಾಹೀರಾತಿನ ನಂತರ, ಅಂತರ 7 ದಿನದೊಳಗೆ: ಈ ಮೂರೂ ಕೂಡಿದರೆ ‘ನೋಡಿ ಬಂದ ಮನೆ’ ಒಂದು ಹೆಚ್ಚಾಯಿತು.

ಇದು ಒಂದು ಮನೆಗೆ ಒಂದು ಐಪಿ ಇದ್ದು, ಅದು ವಾರಗಟ್ಟಲೆ ಬದಲಾಗದ ಊರುಗಳಿಗೆ ಹುಟ್ಟಿದ ಪದ್ಧತಿ. ನಮ್ಮಲ್ಲಿ ಅದು ಎರಡೂ ದಿಕ್ಕಿಗೆ ತಪ್ಪುತ್ತದೆ. ಹಳೆಯ ಪದ್ಧತಿಯ ಐಪಿವಿ4 ವಿಳಾಸಗಳ ಕೊರತೆಯಿಂದ ಇಂಟರ್ನೆಟ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಹಲವಾರು ಗ್ರಾಹಕರಿಗೆ ಹಂಚುತ್ತವೆ. ಆಗ ಗೋಕುಲ ರಸ್ತೆಯ ಟಿವಿಯಲ್ಲಿ ಓಡಿದ ಜಾಹೀರಾತು, ವಿದ್ಯಾನಗರದಲ್ಲಿ ಯಾರೋ ಸೈಟು ತೆರೆದಿದ್ದಕ್ಕೆ ಕಾರಣವೆಂದು ದಾಖಲಾಗಬಹುದು. ಇನ್ನೊಂದು ಕಡೆ, ನಿಜವಾಗಿ ಜಾಹೀರಾತು ನೋಡಿದ ಹೆಣ್ಣುಮಗಳು ಸೋಫಾ ಮೇಲೇ ಕೂತು ಫೋನ್ ತೆರೆದರೂ, ಫೋನ್ ವೈಫೈ ಬದಲು ಮೊಬೈಲ್ ಡೇಟಾದಲ್ಲಿದ್ದರೆ ಐಪಿ ಬೇರೆ. ಆಕೆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹೊಸ ಪದ್ಧತಿಯಾದ ಐಪಿವಿ6 ಬಂದ ಕಡೆ ಪ್ರತಿ ಸಾಧನಕ್ಕೂ ಬೇರೆ ವಿಳಾಸ. ಮನೆಗೆ ಸಾಮಾನ್ಯವಾಗಿರುವುದು ಮೊದಲ 64 ಬಿಟ್ ಮಾತ್ರ, ಅಷ್ಟನ್ನೇ ಹೋಲಿಸದೆ ಪೂರ್ತಿ ವಿಳಾಸ ಹೋಲಿಸಿದರೆ ಒಂದೂ ಕೂಡುವುದಿಲ್ಲ. ಟಿವಿ ಐಪಿವಿ4ರಲ್ಲಿ ಹೋಗಿ ಫೋನ್ ಐಪಿವಿ6ರಲ್ಲಿ ಹೋದರೆ ಹೇಗೆ ಹೋಲಿಸಿದರೂ ಕೂಡುವುದಿಲ್ಲ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಕೂಡಿದ 3,600 ಐಪಿಗಳಲ್ಲಿ ಒಂದೊಂದಕ್ಕೂ ಎಷ್ಟು ಬೇರೆ ಬೇರೆ ಬ್ರೌಸರ್‌ಗಳು ಬಂದಿವೆ ಎಂಬ ಪಟ್ಟಿ ಕೇಳಿ. ಐಪಿಯನ್ನು ಮರೆಮಾಚಿ ಕೊಟ್ಟರೂ ಸಾಕು. ಒಂದು ಮನೆಯಲ್ಲಿ ಮೂರೋ ಆರೋ ಸಾಧನ ಇರಬಹುದು. ಒಂದೇ ಐಪಿಯಲ್ಲಿ 200 ಬ್ರೌಸರ್ ಕಂಡರೆ ಅದು ಮನೆಯಲ್ಲ, ಹಂಚಿಕೊಂಡ ವಿಳಾಸ ಅಥವಾ ಆಫೀಸು. ಅಂಥವನ್ನು ತೆಗೆದುಹಾಕಿ ಮತ್ತೆ ಎಣಿಸಲು ಹೇಳಿ. ಹಾಗೆಯೇ ನಿಮ್ಮ ಸೈಟಿನ ಲಾಗ್‌ನಲ್ಲಿ ಎಷ್ಟು ಭೇಟಿ ಮೊಬೈಲ್ ಕಂಪನಿಗಳ ಜಾಲದಿಂದ ಬಂದಿದೆ ನೋಡಿ. ಆ ಪಾಲು ಈ ಹೋಲಿಕೆಯ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಹೋಲಿಕೆ ತಪ್ಪಿಲ್ಲದೆ ನಡೆದಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ದೊಡ್ಡ ಪ್ರಶ್ನೆ ಹಾಗೇ ಇದೆ. ದಸರೆಗೆ ಮುಂಚೆ ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆ ಹುಡುಕುವವರು ಹೇಗೂ ಹೆಚ್ಚುತ್ತಾರೆ. ಜಾತ್ರೆಯ ದಿನ ಗುಡಿಯ ಬಾಗಿಲಲ್ಲಿ ಕರಪತ್ರ ಹಂಚಿ, ಒಳಗೆ ಹೋದವರೆಲ್ಲ ಕರಪತ್ರ ನೋಡಿ ಬಂದವರು ಎಂದು ಎಣಿಸಿದಂತಾಗಿದೆ ನಿಮ್ಮ ರಿಪೋರ್ಟ್. ‘7 ದಿನದ ಕಿಟಕಿ’ ಎಂಬ ಮಾತೂ ಸ್ವಲ್ಪ ದಾರಿ ತಪ್ಪಿಸುತ್ತದೆ. 6 ಲಕ್ಷ ಇಂಪ್ರೆಶನ್ 1.2 ಲಕ್ಷ ಮನೆಗೆ ಹಂಚಿದರೆ ಮನೆಗೆ ಸರಾಸರಿ ಐದು ಸಲ. ಪ್ರತಿ ಸಲ ಓಡಿದಾಗಲೂ 7 ದಿನ ಹೊಸದಾಗಿ ಶುರುವಾಗುತ್ತದೆ. ಮೂರು ವಾರದಲ್ಲಿ ಐದು ಸಲ ಹರಡಿಕೊಂಡು ನೋಡಿದ ಮನೆಗೆ ಕಿಟಕಿ ಸುಮಾರು ನಾಲ್ಕು ವಾರವೂ ತೆರೆದೇ ಇರಬಹುದು. ಆ ಅವಧಿಯಲ್ಲಿ ಆ ಮನೆಯವರು ಯಾವ ಕಾರಣಕ್ಕೆ ಬಂದರೂ, ನೆಂಟರು ಹೇಳಿ ಬಂದರೂ, ಲೆಕ್ಕ ಟಿವಿಗೆ.

ಕಳೆಯುವ ಲೆಕ್ಕ ಹೀಗೆ. ಪ್ರಚಾರ ಶುರುವಾಗುವ ಮೊದಲೇ, ಗುರಿಯಾದ ಮನೆಗಳಲ್ಲಿ ಐದರಲ್ಲೊಂದನ್ನು ಚೀಟಿ ಎತ್ತಿದ ಹಾಗೆ ಬೇರ್ಪಡಿಸಿ, ಅವರಿಗೆ ಜಾಹೀರಾತು ತೋರಿಸದೆ ಬಿಡಬೇಕು. ನಿಮ್ಮ ಪ್ರಚಾರದಲ್ಲಿ ಹೀಗೆ ಮಾಡಿರಲಿಲ್ಲ ಎಂದುಕೊಳ್ಳುತ್ತೇನೆ, ಆದ್ದರಿಂದ ಮುಂದಿನದು ಊಹೆಯ ಅಂಕಿ. ತೋರಿಸಿದ 1,20,000 ಮನೆಗಳಲ್ಲಿ 3,600, ಅಂದರೆ ಶೇ 3 ಸೈಟಿಗೆ ಬಂದರು. ತೋರಿಸದೆ ಬಿಟ್ಟ 30,000 ಮನೆಗಳಲ್ಲಿ ಅದೇ ಅವಧಿಯಲ್ಲಿ 780, ಅಂದರೆ ಶೇ 2.6 ಬಂದರು ಅನ್ನೋಣ. ಹಾಗಿದ್ದರೆ ಜಾಹೀರಾತಿನಿಂದ ಹೆಚ್ಚಾದದ್ದು ಶೇ 0.4, ಮನೆಗಳ ಲೆಕ್ಕದಲ್ಲಿ 480. ಉಳಿದ 3,120 ಹೇಗೂ ಬರುತ್ತಿದ್ದವರು. ರಿಪೋರ್ಟಿನ ಪ್ರಕಾರ ಒಂದು ಮನೆ ತರಲು 67 ರೂಪಾಯಿ, ನಿಜದಲ್ಲಿ 500. ಈ 480 ಕೂಡ ಗಟ್ಟಿ ಸಂಖ್ಯೆಯಲ್ಲ. ಇಷ್ಟು ಮನೆಗಳ ಗುಂಪಿನಲ್ಲಿ ಆಕಸ್ಮಿಕ ಏರಿಳಿತ ಸೇರಿಸಿದರೆ ಅದು ಸುಮಾರು 235ರಿಂದ 725ರವರೆಗೆ ಎಲ್ಲಿಯಾದರೂ ಇರಬಹುದು. ಬಿಟ್ಟ ಗುಂಪು 30,000ದ ಬದಲು 3,000 ಇದ್ದಿದ್ದರೆ ಶೇ 0.4ರ ವ್ಯತ್ಯಾಸ ಇದೆಯೋ ಇಲ್ಲವೋ ಎಂದೇ ಹೇಳಲಾಗುತ್ತಿರಲಿಲ್ಲ.

ಇಲ್ಲಿ ಒಂದು ಮಾತಿಗೆ ಎಚ್ಚರ. ಕೆಲವರು ‘ಜಾಹೀರಾತು ತಲುಪದ ಮನೆಗಳ ಜೊತೆ ಹೋಲಿಸಿದ್ದೇವೆ’ ಎನ್ನುತ್ತಾರೆ. ಅದು ಬೇರೆ ವಿಷಯ. ಜಾಹೀರಾತು ತಲುಪದಿದ್ದ ಮನೆಯವರು ಆ ವಾರಗಳಲ್ಲಿ ಓಟಿಟಿ ನೋಡದವರು, ಬಹುಶಃ ಊರಲ್ಲಿ ಇರದವರು, ಆನ್‌ಲೈನ್ ಖರೀದಿಯೂ ಕಡಿಮೆ ಮಾಡುವವರು. ಅವರ ಪಕ್ಕದಲ್ಲಿ ಯಾವ ಜಾಹೀರಾತೂ ಕೆಲಸ ಮಾಡಿದಂತೆ ಕಾಣುತ್ತದೆ. ಸರಿಯಾದ ಹೋಲಿಕೆಗೆ, ಬಿಟ್ಟ ಗುಂಪಿನ ಮನೆಯೊಂದಕ್ಕೆ ಜಾಹೀರಾತು ಹೋಗಬೇಕಿದ್ದ ಗಳಿಗೆಯಲ್ಲಿ ‘ಈಗ ಹೋಗಬೇಕಿತ್ತು, ತಡೆದೆವು’ ಎಂದು ದಾಖಲಾಗಬೇಕು. ಹಾಗೆ ದಾಖಲಾದ ಮನೆಗಳನ್ನಷ್ಟೇ, ನೋಡಿದ ಮನೆಗಳ ಎದುರು ಇಡಬೇಕು.

ಮುಗಿದುಹೋದ ಪ್ರಚಾರದಿಂದ ಇಷ್ಟು ಸ್ಪಷ್ಟ ಉತ್ತರ ಇನ್ನು ಸಿಗುವುದಿಲ್ಲ. ಆದರೆ ಒಂದು ಸರಳ ಪರೀಕ್ಷೆ ಈಗಲೂ ಮಾಡಿಸಬಹುದು: ಕಿಟಕಿಯನ್ನು ಹಿಂದಕ್ಕೆ ತಿರುಗಿಸಿ. ಅದೇ 1.2 ಲಕ್ಷ ಐಪಿಗಳಿಂದ, ಮೊದಲ ಸಲ ಜಾಹೀರಾತು ಓಡುವುದಕ್ಕೆ *ಮುಂಚಿನ* ನಾಲ್ಕು ವಾರದಲ್ಲಿ ಎಷ್ಟು ಮನೆ ನಿಮ್ಮ ಸೈಟಿಗೆ ಬಂದಿದ್ದವು? ಇನ್ನೂ ಓಡದ ಜಾಹೀರಾತು ಯಾರನ್ನೂ ಕರೆತರಲಾರದು. ಹಿಂದಿನ ಎಣಿಕೆ 3,300 ಬಂದರೆ, 3,600ರ ಬಹುಭಾಗ ಮಾಮೂಲಿ ಗಿರಾಕಿಗಳು ಮತ್ತು ಹಂಚಿಕೊಂಡ ಐಪಿಗಳ ಗದ್ದಲ ಎಂದು ತಿಳಿಯಿರಿ. 900 ಬಂದರೂ ಕೂಡಲೇ ಸಂಭ್ರಮ ಪಡಬೇಡಿ, ಏರಿಕೆಯಲ್ಲಿ ದಸರೆಯ ಪಾಲೂ ಇದೆ. ಅದನ್ನು ಬಿಡಿಸಲು ಜಾಹೀರಾತು ಹಾಕದ ಜಿಲ್ಲೆಗಳಿಂದ ಅದೇ ಎರಡು ಅವಧಿಯಲ್ಲಿ ಭೇಟಿ ಎಷ್ಟು ಪಟ್ಟು ಏರಿತು ನೋಡಿ. ಅಲ್ಲೂ ಅಷ್ಟೇ ಪಟ್ಟು ಏರಿದ್ದರೆ ಕೆಲಸ ಮಾಡಿದ್ದು ಹಬ್ಬ. ಹಳೆಯ ಗ್ರಾಹಕರ ಪಟ್ಟಿ ಕೊಟ್ಟು ಅವರನ್ನೇ ಗುರಿ ಮಾಡಿಸಿದ್ದರೆ ಈ ಪರೀಕ್ಷೆ ಕೆಡುತ್ತದೆ, ಏಕೆಂದರೆ ಹಿಂದಿನ ಎಣಿಕೆ ಹುಟ್ಟಿನಿಂದಲೇ ಹೆಚ್ಚಿರುತ್ತದೆ. ಇಲ್ಲಿ ಇನ್ನೊಂದು ಅಡ್ಡಿ: ಪಿಕ್ಸೆಲ್ ಪ್ರಚಾರದ ದಿನವೇ ಸೈಟಿಗೆ ಹಾಕಿದ್ದರೆ ಹಿಂದಿನ ದಾಖಲೆ ಏಜೆನ್ಸಿ ಹತ್ತಿರ ಇರುವುದಿಲ್ಲ. ನಿಮ್ಮ ಹೋಸ್ಟಿಂಗ್ ಕಂಪನಿಯ ಸರ್ವರ್ ಲಾಗ್‌ನಲ್ಲಿ ಐಪಿ ಇರುತ್ತದೆ, ಅಳಿಸಿಹೋಗುವ ಮುಂಚೆ ತೆಗೆಸಿಟ್ಟುಕೊಳ್ಳಿ.

ಮುಂದಿನ ಸಲಕ್ಕೆ ನಾನು ಐಪಿ ಹೋಲಿಕೆಯನ್ನೇ ನೆಚ್ಚುವುದಿಲ್ಲ. ಹಂಚಿಕೊಂಡ ವಿಳಾಸಗಳಿರುವ ಕಡೆ, ತೋರಿಸಿದ ಮನೆಯೂ ಬಿಟ್ಟ ಮನೆಯೂ ಒಂದೇ ಐಪಿಯ ಹಿಂದೆ ಕೂತಿರುತ್ತವೆ, ಎರಡು ಗುಂಪೂ ಕಲೆತುಹೋಗುತ್ತವೆ. ಬದಲಿಗೆ ಜಿಲ್ಲೆಗಳನ್ನೇ ಗುಂಪು ಮಾಡಿ. ಧಾರವಾಡ ಮತ್ತು ಬೆಳಗಾವಿಯಲ್ಲಿ ಹಾಕಿ, ವಿಜಯಪುರ ಮತ್ತು ದಾವಣಗೆರೆಯಲ್ಲಿ ಹಾಕಬೇಡಿ. ಮೊದಲು ಹಿಂದಿನ ವರ್ಷದ ಆರ್ಡರ್ ತೆಗೆದು ಈ ಎರಡು ಗುಂಪು ವಾರದಿಂದ ವಾರಕ್ಕೆ ಜೊತೆಜೊತೆಗೆ ಏರಿಳಿಯುತ್ತವೆಯೇ ನೋಡಿ, ಇಲ್ಲದಿದ್ದರೆ ಬೇರೆ ಜಿಲ್ಲೆ ಹುಡುಕಿ. ಫಲಿತಾಂಶವನ್ನು ಅಳೆಯುವುದು ಡೆಲಿವರಿ ಪಿನ್‌ಕೋಡ್‌ನಿಂದ. ಆ ದಾಖಲೆ ನಿಮ್ಮದೇ, ಅದಕ್ಕೆ ಯಾವ ಪಿಕ್ಸೆಲ್ಲೂ ಬೇಡ, ಮೊಬೈಲ್ ಡೇಟಾದಲ್ಲಿ ಬಂದವರೂ ಅದರಲ್ಲಿ ಸಿಗುತ್ತಾರೆ.

ಇದರಲ್ಲೂ ಸೋರಿಕೆ ಇದೆ. ಟಿವಿ ಯಾವ ಊರಲ್ಲಿದೆ ಎಂದು ಆ್ಯಪ್ ತಿಳಿಯುವುದು ಹೆಚ್ಚಾಗಿ ಐಪಿಯಿಂದಲೇ, ಇಂಟರ್ನೆಟ್ ಕಂಪನಿಯ ಹೊರಬಾಗಿಲು ಬೆಂಗಳೂರಿನಲ್ಲಿದ್ದರೆ ಧಾರವಾಡದ ಟಿವಿಯೂ ಬೆಂಗಳೂರಿನದಾಗಿ ಕಾಣುತ್ತದೆ. ಲಾಗಿನ್ ವಿಳಾಸ ಅಥವಾ ಬ್ರಾಡ್‌ಬ್ಯಾಂಡ್ ಸಂಪರ್ಕದ ಊರು ಗೊತ್ತಿರುವ ಆ್ಯಪ್ ಸಿಕ್ಕರೆ ಅದನ್ನೇ ಆರಿಸಿ. ಪರದೆಯಲ್ಲಿ ಕ್ಯೂಆರ್ ಕೋಡ್ ಹಾಕುವುದಿದ್ದರೆ ಹಾಕಿ, ಸೋಫಾದಿಂದ ಓದುವಷ್ಟು ದೊಡ್ಡದಾಗಿ ಮತ್ತು ಕೊನೆಯ ಮೂರು ಸೆಕೆಂಡಿಗೆ ಬದಲು ಪೂರ್ತಿ 20 ಸೆಕೆಂಡ್. ಅದರಿಂದ ಬಂದವರು ಖಚಿತವಾಗಿ ಜಾಹೀರಾತು ನೋಡಿದವರೇ, ಆದರೆ ನೋಡಿದ ಬಹುತೇಕರು ಸ್ಕ್ಯಾನ್ ಮಾಡುವುದಿಲ್ಲ, ಹಾಗಾಗಿ ಅದು ಕನಿಷ್ಠ ಲೆಕ್ಕ ಮಾತ್ರ.

ಹಣ ಎಷ್ಟು ಜಿಲ್ಲೆಗೆ ಹಂಚಬೇಕು ಎಂಬುದನ್ನು ನಿಮ್ಮ ಆರ್ಡರ್ ಸಂಖ್ಯೆ ನಿರ್ಧರಿಸುತ್ತದೆ. ಪ್ರತಿ ಗುಂಪಿಗೆ ವಾರಕ್ಕೆ 40 ಆರ್ಡರ್ ಬರುತ್ತದೆ ಎನ್ನೋಣ, ನಾಲ್ಕು ವಾರಕ್ಕೆ 160. ಎರಡು ಗುಂಪು, ಪ್ರಚಾರದ ಮುಂಚೆ ಮತ್ತು ಪ್ರಚಾರದ ವೇಳೆ, ಹೀಗೆ ನಾಲ್ಕು ಎಣಿಕೆಗಳನ್ನು ಹೋಲಿಸುವಾಗ ಸುಮ್ಮನೆ ಆಕಸ್ಮಿಕವಾಗಿಯೇ 25 ಆರ್ಡರಿನಷ್ಟು ಆಚೀಚೆ ಆಗುತ್ತದೆ. ಅದರ ಎರಡು ಪಟ್ಟು, 50 ಆರ್ಡರ್ ಹೆಚ್ಚಾದರೆ ಮಾತ್ರ ‘ಇದು ಜಾಹೀರಾತಿನದು’ ಎನ್ನುವ ಧೈರ್ಯ ಬರುವುದು, ಅಂದರೆ ಶೇ 30ರ ಏರಿಕೆ. 2.4 ಲಕ್ಷವನ್ನು ಹತ್ತು ಜಿಲ್ಲೆಗೆ ತೆಳ್ಳಗೆ ಹರಡಿದರೆ ಯಾವ ಜಿಲ್ಲೆಯಲ್ಲೂ ಅಷ್ಟು ಏರಿಕೆ ಬರುವುದಿಲ್ಲ, ಬಂದದ್ದೂ ಕಾಣುವುದಿಲ್ಲ. ‘ಆರ್ಡರ್ ಏರಿದ್ದು ಕಾಣಲಿಲ್ಲ’ ಎನ್ನುವ ನಿಮ್ಮ ಅನುಭವಕ್ಕೂ ಇದೇ ಕಾರಣ ಇರಬಹುದು: 480 ಹೆಚ್ಚುವರಿ ಭೇಟಿಯಲ್ಲಿ ನೂರಕ್ಕೆ ಇಬ್ಬರು ಕೊಂಡರೂ ಹತ್ತೇ ಆರ್ಡರ್. ಹಾಗಾಗಿ ಎರಡೇ ಜಿಲ್ಲೆಯಲ್ಲಿ ಒತ್ತಾಗಿ ಹಾಕಿ, ಹಬ್ಬವಿಲ್ಲದ ತಿಂಗಳಲ್ಲಿ ಹಾಕಿ, ಆರ್ಡರ್ ಜೊತೆಗೆ ಜಿಲ್ಲಾವಾರು ನಿಮ್ಮ ಅಂಗಡಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಬಂದವರ ಎಣಿಕೆಯನ್ನೂ ಇಟ್ಟುಕೊಳ್ಳಿ. ಅಲ್ಲಿ ಸಂಖ್ಯೆ ದೊಡ್ಡದಿರುವುದರಿಂದ ಏರಿಕೆ ಬೇಗ ಕಾಣುತ್ತದೆ.